ಉಪ್ಪಿನ ಬಾತುಮೊಟ್ಟೆ ಮನೆಯಲ್ಲಿ, ಸೆಂಚುರಿ ಎಗ್ ಅಂಗಡಿಯಿಂದ: ತಯಾರಿಕೆ ಮತ್ತು ಶೇಖರಣೆಯ ಮಾರ್ಗದರ್ಶಿ

ಬಾತುಕೋಳಿ ಮೊಟ್ಟೆಯನ್ನು ತಿಂಗಳುಗಟ್ಟಲೆ ಕೆಡದಂತೆ ಇಡಲು ಚೀನೀಯರು ಬಹಳ ಹಿಂದಿನಿಂದ ಎರಡು ದಾರಿ ಹಿಡಿದಿದ್ದಾರೆ. ಒಂದು ಉಪ್ಪಿನದು, ಇನ್ನೊಂದು ಕ್ಷಾರದ್ದು. ಉಪ್ಪಿನಲ್ಲಿ ನೆನೆದ ಮೊಟ್ಟೆ ಒಳಗೆ ಹಸಿಯಾಗಿಯೇ ಉಳಿಯುವುದರಿಂದ ಅದನ್ನು ಬೇಯಿಸಿಯೇ ತಿನ್ನಬೇಕು. ಸುಣ್ಣ, ಬೂದಿ ಅಥವಾ ಕಾಸ್ಟಿಕ್ ಸೋಡದ ಕ್ಷಾರದಲ್ಲಿ ಇಟ್ಟ ಮೊಟ್ಟೆ ಬೆಂಕಿಯನ್ನೇ ಕಾಣದೆ ಗಟ್ಟಿಯಾಗಿ, ಬಿಳಿಭಾಗ ಕಂದು ಗಾಜಿನಂತೆಯೂ ಹಳದಿಭಾಗ ಕಪ್ಪು ಹಸಿರಾಗಿಯೂ ಮಾರ್ಪಡುತ್ತದೆ. ಇದನ್ನೇ ಸೆಂಚುರಿ ಎಗ್ ಎನ್ನುತ್ತಾರೆ, ಚೀನೀ ಹೆಸರು ಪಿದಾನ್. ಮೊದಲನೆಯದನ್ನು ಯಾವ ಅಡುಗೆಮನೆಯಲ್ಲಾದರೂ ಮಾಡಬಹುದು, ಎರಡನೆಯದನ್ನು ಕೊಂಡು ತರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಲೇಖನದಲ್ಲಿ ಉಪ್ಪಿನ ಮೊಟ್ಟೆಯನ್ನು ಮಾಡುವ ಕ್ರಮವನ್ನು ವಿವರವಾಗಿ ಹೇಳಿ, ಸೆಂಚುರಿ ಎಗ್‌ನ ವಿಷಯದಲ್ಲಿ ಅದು ಹೇಗೆ ತಯಾರಾಗುತ್ತದೆ, ಒಳ್ಳೆಯದನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ಹೆಚ್ಚು ಗಮನ ಕೊಟ್ಟಿದ್ದೇನೆ.

ಮೊಟ್ಟೆ ಮತ್ತು ಉಪ್ಪಿನ ಆಯ್ಕೆ

ಚೀನಾದ ಜಿಯಾಂಗ್ಸು ಪ್ರಾಂತ್ಯದ ಗಾವ್ಯೋ, ಇಂಡೋನೇಷ್ಯಾದ ಮಧ್ಯ ಜಾವಾದ ಬ್ರೆಬೆಸ್, ಥಾಯ್ಲೆಂಡಿನ ಚಾಯಾ ಎಂಬ ಊರುಗಳು ಉಪ್ಪಿನ ಮೊಟ್ಟೆಗೆ ಹೆಸರಾಗಿವೆ, ಮತ್ತು ಈ ಎಲ್ಲ ಕಡೆಯೂ ಬಳಸುವುದು ಬಾತುಕೋಳಿಯ ಮೊಟ್ಟೆಯನ್ನೇ. ಬಾತುಮೊಟ್ಟೆಯ ಹಳದಿ ದೊಡ್ಡದು, ಅದರಲ್ಲಿ ಕೊಬ್ಬಿನ ಅಂಶವೂ ಹೆಚ್ಚು. ಉಪ್ಪಿನ ಮೊಟ್ಟೆಯನ್ನು ಬೇಯಿಸಿ ಕತ್ತರಿಸಿದಾಗ ಒಸರುವ ಕೆಂಪು ಎಣ್ಣೆ ಬರುವುದು ಈ ಕೊಬ್ಬಿನಿಂದ. ಕೋಳಿಮೊಟ್ಟೆಯನ್ನೂ ಇದೇ ಕ್ರಮದಲ್ಲಿ ಮಾಡಬಹುದು, ಉಪ್ಪು ಹಿಡಿಯುತ್ತದೆ, ಹಳದಿಯೂ ಗಟ್ಟಿಯಾಗುತ್ತದೆ, ಆದರೆ ಎಣ್ಣೆ ಅಷ್ಟಾಗಿ ಒಸರುವುದಿಲ್ಲ. ನಮ್ಮಲ್ಲಿ ಬಾತುಮೊಟ್ಟೆ ಎಲ್ಲ ಅಂಗಡಿಯಲ್ಲೂ ಸಿಗದಿದ್ದರೂ ಕರಾವಳಿಯ ಸಂತೆಗಳಲ್ಲಿ, ಹಾಗೂ ಕೇರಳದ ಮತ್ತು ಬಂಗಾಳದ ಜನ ಹೆಚ್ಚಾಗಿರುವ ನಗರದ ಬಡಾವಣೆಗಳ ಮಾರುಕಟ್ಟೆಗಳಲ್ಲಿ ಕೇಳಿ ನೋಡಬಹುದು.

ಮೊಟ್ಟೆ ತಾಜಾ ಆಗಿರಬೇಕು. ಸಾದಾ ನೀರಿನಲ್ಲಿ ಹಾಕಿದರೆ ಅದು ತಳದಲ್ಲಿ ಅಡ್ಡಲಾಗಿ ಮಲಗಬೇಕು. ದಪ್ಪ ತುದಿಯನ್ನು ಮೇಲೆತ್ತಿ ನಿಂತರೆ ಹಳೆಯದು, ತೇಲಿದರೆ ಬೇಡವೇ ಬೇಡ. ಅದಕ್ಕಿಂತ ಮುಖ್ಯವಾದದ್ದು ಚಿಪ್ಪಿನ ಬಿರುಕು. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕಿರುವ ಒಂದೇ ಮೊಟ್ಟೆ ಇಡೀ ಭರಣಿಯನ್ನು ಹಾಳುಮಾಡಬಲ್ಲದು. ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಮೆಲ್ಲಗೆ ತಾಗಿಸಿದರೆ ಗಟ್ಟಿ ಚಿಪ್ಪುಗಳು ಟಣ್ ಎಂದು ಸ್ಪಷ್ಟವಾಗಿ ಸದ್ದು ಮಾಡುತ್ತವೆ, ಬಿರುಕಿದ್ದರೆ ಒಡಕು ಮಡಕೆಯ ಹಾಗೆ ಮಂದವಾದ ಸದ್ದು ಬರುತ್ತದೆ. ಮಾರುವವರು ಇದನ್ನು ಕೈಯಲ್ಲಿ ಮೂರು ಮೊಟ್ಟೆ ಹೊರಳಿಸುತ್ತಲೇ ಮಾಡಿ ಮುಗಿಸುತ್ತಾರೆ. ಹೊಸಬರು ಒಂದೊಂದಾಗಿ ನಿಧಾನವಾಗಿ ನೋಡುವುದು ಒಳ್ಳೆಯದು.

ಉಪ್ಪು ಕಲ್ಲುಪ್ಪಾದರೂ ಆಗುತ್ತದೆ, ಪುಡಿಯುಪ್ಪಾದರೂ ಆಗುತ್ತದೆ. ಆದರೆ ಅಳತೆಯನ್ನು ಲೋಟದಲ್ಲಿ ಮಾಡದೆ ತಕ್ಕಡಿಯಲ್ಲಿ ತೂಗಬೇಕು, ಏಕೆಂದರೆ ಒಂದು ಲೋಟ ಕಲ್ಲುಪ್ಪಿಗೂ ಒಂದು ಲೋಟ ಪುಡಿಯುಪ್ಪಿಗೂ ತೂಕದಲ್ಲಿ ಬಹಳ ವ್ಯತ್ಯಾಸವಿರುತ್ತದೆ.

ಹನ್ನೆರಡು ಮೊಟ್ಟೆಗೆ ಉಪ್ಪುನೀರಿನ ಕ್ರಮ

ಸುಮಾರು 70 ಗ್ರಾಂ ತೂಗುವ 12 ಬಾತುಮೊಟ್ಟೆಗಳಿಗೆ 3 ಲೀಟರಿನ ಗಾಜಿನ ಭರಣಿ, 1.25 ಲೀಟರ್ ನೀರು ಮತ್ತು 400 ಗ್ರಾಂ ಉಪ್ಪು ಬೇಕು. ಹೀಗೆ ಮಾಡಿದ ದ್ರಾವಣದ ಒಟ್ಟು ತೂಕದಲ್ಲಿ ಉಪ್ಪು ಶೇ. 24ರಷ್ಟಾಗುತ್ತದೆ. ನೀರು ತನ್ನಲ್ಲಿ ಕರಗಿಸಿಕೊಳ್ಳಬಲ್ಲ ಉಪ್ಪಿನ ಮಿತಿ ಶೇ. 26ರ ಆಸುಪಾಸಿನಲ್ಲಿರುವುದರಿಂದ ನಾವು ಆ ಮಿತಿಗೆ ತೀರ ಹತ್ತಿರದಲ್ಲಿದ್ದೇವೆ. ಇಷ್ಟು ಉಪ್ಪು ಬೇಕೇ ಎಂದು ಅರ್ಧಕ್ಕೆ ಇಳಿಸುವವರಿದ್ದಾರೆ. ಉಪ್ಪು ಕಡಿಮೆಯಾದರೆ ಮೊಟ್ಟೆ ಹದಕ್ಕೆ ಬರುವುದು ತಡವಾಗುತ್ತದೆ, ಆ ತಡದಲ್ಲೇ ಅದು ಕೊಳೆಯಲೂ ತೊಡಗುತ್ತದೆ. ರುಚಿಗೆ ಉಪ್ಪು ಕಡಿಮೆ ಬೇಕಿದ್ದರೆ ದಿನಗಳನ್ನು ಕಡಿಮೆ ಮಾಡಬೇಕು, ದ್ರಾವಣವನ್ನು ತೆಳ್ಳಗೆ ಮಾಡಬಾರದು.

ನೀರನ್ನು ಕುದಿಸಿ, ಉಪ್ಪನ್ನು ಹಾಕಿ, ತಳದಲ್ಲಿ ಒಂದು ಹರಳೂ ಉಳಿಯದಂತೆ ಕಲಕಬೇಕು. ಪರಿಮಳ ಬೇಕೆನ್ನುವವರು ಈ ಹಂತದಲ್ಲಿ ಎರಡು ಚಕ್ರಮೊಗ್ಗು ಮತ್ತು ಒಂದು ಚಮಚ ಸಿಚುವಾನ್ ಮೆಣಸನ್ನು ಹಾಕಬಹುದು. ಆ ಮೆಣಸು ಸಿಗದಿದ್ದರೆ ನಮ್ಮ ಕರಾವಳಿಯ ಕೊಂಕಣಿ ಅಡುಗೆಯ ತೆಫಲವನ್ನು ಬಳಸಬಹುದು, ಎರಡೂ ಒಂದೇ ಕುಲದ ಗಿಡಗಳ ಕಾಯಿಗಳು. ಮಸಾಲೆಯಿಂದ ಸಿಗುವುದು ವಾಸನೆ ಮಾತ್ರ, ಮೊಟ್ಟೆಯನ್ನು ಕಾಯುವುದು ಉಪ್ಪೇ. ಕಲ್ಲುಪ್ಪು ಬಳಸಿದ್ದರೆ ದ್ರಾವಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಮುಟ್ಟಿದರೆ ತಣ್ಣಗಿದೆ ಎನ್ನಿಸುವವರೆಗೆ ಆರಲು ಬಿಡಬೇಕು. ಬೆಚ್ಚಗಿನ ನೀರನ್ನು ಸುರಿದರೆ ಚಿಪ್ಪು ಸೀಳುವ ಸಂಭವವಿದೆ.

ಇತ್ತ ಮೊಟ್ಟೆಗಳನ್ನು ತೊಳೆದು, ಕೊಳೆಯನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಭರಣಿಯನ್ನು ಕುದಿಯುವ ನೀರಿನಿಂದ ತೊಳೆದು ಒಣಗಿಸಿ, ಮೊಟ್ಟೆಗಳನ್ನು ಕೈಯಿಂದ ಒಂದೊಂದಾಗಿ ಇಳಿಸಿ, ಆರಿದ ಉಪ್ಪುನೀರನ್ನು ಮೇಲಿನಿಂದ ಸುರಿಯಬೇಕು. ಇಷ್ಟು ಗಾಢವಾದ ದ್ರಾವಣದಲ್ಲಿ ತಾಜಾ ಮೊಟ್ಟೆಯೂ ತೇಲುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ತೇಲಿದ ಮೊಟ್ಟೆಯ ನೆತ್ತಿ ಗಾಳಿಗೆ ಒಡ್ಡಿಕೊಂಡರೆ ಆ ಭಾಗಕ್ಕೆ ಉಪ್ಪು ತಲುಪುವುದಿಲ್ಲ. ಅದಕ್ಕಾಗಿ ಚಿಕ್ಕ ಪಿಂಗಾಣಿ ತಟ್ಟೆಯನ್ನೋ, ಅದೇ ಉಪ್ಪುನೀರನ್ನು ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನೋ ಮೇಲಿಟ್ಟು ಎಲ್ಲವೂ ಮುಳುಗಿರುವಂತೆ ಮಾಡಬೇಕು. ಚೀಲದಲ್ಲಿ ಸಾದಾ ನೀರು ತುಂಬಬಾರದು, ಸೋರಿದರೆ ದ್ರಾವಣ ತೆಳ್ಳಗಾಗುತ್ತದೆ. ಮುಚ್ಚಳ ಲೋಹದ್ದಾದರೆ ತುಕ್ಕು ಹಿಡಿಯುವುದು ಖಂಡಿತ. ಭರಣಿಗೆ ದಿನಾಂಕದ ಚೀಟಿ ಅಂಟಿಸಿ, ಬಿಸಿಲು ಬೀಳದ ಮೂಲೆಯಲ್ಲಿ, ಫ್ರಿಜ್ಜಿನ ಹೊರಗೆ ಇಡಬೇಕು.

ಒಳಗೆ ನಡೆಯುವುದೇನು, ಹದ ತಿಳಿಯುವುದು ಹೇಗೆ

ಉಪ್ಪು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಬಿಳಿಭಾಗಕ್ಕೆ ಇಳಿದು, ಅಲ್ಲಿಂದ ಹಳದಿಯ ಸುತ್ತಲಿನ ಪೊರೆಯನ್ನು ತಲುಪುತ್ತದೆ. ಬಿಳಿಭಾಗ ಉಪ್ಪಾದಷ್ಟೂ ಹಳದಿಯೊಳಗಿನ ನೀರು ಹೊರಕ್ಕೆ ಬರುತ್ತದೆ. ಇದರಿಂದ ಬಿಳಿಭಾಗ ದಿನೇ ದಿನೇ ತೆಳ್ಳಗಾಗಿ ನೀರಿನಂತಾದರೆ, ಹಳದಿ ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ನೀರು ಕಳೆದುಕೊಂಡ ಹಳದಿಯಲ್ಲಿ ಕೊಬ್ಬನ್ನು ಹಿಡಿದಿಟ್ಟ ಪ್ರೋಟೀನಿನ ರಚನೆ ಸಡಿಲಗೊಂಡು, ಬೇಯಿಸಿದಾಗ ಎಣ್ಣೆ ಬಿಡುತ್ತದೆ. ಹೀಗಾಗಿಯೇ ಒಂದೇ ಮೊಟ್ಟೆಯಲ್ಲಿ ಬಿಳಿಭಾಗ ತೀರ ಉಪ್ಪಾಗಿಯೂ ಹಳದಿ ಹಿತವಾಗಿಯೂ ಇರುತ್ತದೆ.

ಕೋಣೆಯ ಉಷ್ಣತೆ 25ರಿಂದ 30 ಡಿಗ್ರಿ ಇದ್ದರೆ ಮೂರರಿಂದ ನಾಲ್ಕು ವಾರ ಸಾಕು. ಚಳಿಗಾಲದಲ್ಲಿ ಇನ್ನೊಂದು ವಾರ ಹಿಡಿಯಬಹುದು. ಲೆಕ್ಕಕ್ಕಿಂತ ಪರೀಕ್ಷೆಯನ್ನು ನಂಬುವುದು ಒಳ್ಳೆಯದು. 21ನೆಯ ದಿನ ಒಂದು ಮೊಟ್ಟೆಯನ್ನು ತೆಗೆದು ಬಟ್ಟಲಿಗೆ ಒಡೆದು ನೋಡಿ. ಬಿಳಿಭಾಗ ನೀರಾಗಿ ಹರಿದು, ಹಳದಿ ಚಪ್ಪಟೆಯಾಗದೆ ಕೇಸರಿ ಬಣ್ಣದ ಗೋಲಿಯಾಗಿ ನಿಂತು, ಬೆರಳಿನಲ್ಲಿ ಹಿಡಿದೆತ್ತಿದರೂ ಒಡೆಯದಿದ್ದರೆ ಹದ ಬಂದಿದೆ. ಗೋಲಿಯನ್ನು ಎರಡಾಗಿ ಕತ್ತರಿಸಿದಾಗ ನಡುವೆ ಇನ್ನೂ ದ್ರವವಿದ್ದರೆ ಉಳಿದವನ್ನು ಮತ್ತೊಂದು ವಾರ ಬಿಡಬೇಕು. ಒಡೆಯಲು ಮನಸ್ಸಿಲ್ಲದವರು ಕತ್ತಲೆಯಲ್ಲಿ ಮೊಬೈಲಿನ ಟಾರ್ಚನ್ನು ಚಿಪ್ಪಿಗೆ ಒತ್ತಿ ಹಿಡಿದು ನೋಡಬಹುದು. ಬಿಳಿಭಾಗ ತಿಳಿಯಾಗಿ ಹೊಳೆದು, ಹಳದಿ ಕಡುಗೆಂಪು ಉಂಡೆಯಾಗಿ ಚಿಪ್ಪಿನ ಕಡೆಗೆ ಸರಿದಿದ್ದರೆ, ಮೊಟ್ಟೆ ತಿರುಗಿಸಿದಂತೆ ಅದೂ ಉರುಳಿದರೆ, ಸರಿಯಾಗಿದೆ. ಬೆಳಕೇ ಹಾಯದೆ ಒಳಗೆಲ್ಲ ಕಪ್ಪಾಗಿ ಕಂಡರೆ ಅದು ಕೊಳೆತಿದೆ.

ಕೆಟ್ಟದ್ದನ್ನು ಗುರುತಿಸುವುದು ಕಷ್ಟವಲ್ಲ. ಭರಣಿಯ ನೀರು ಸ್ವಲ್ಪ ಮಸುಕಾಗುವುದು ಸಹಜ, ಆದರೆ ಅದು ನೊರೆಗಟ್ಟಿ ದುರ್ವಾಸನೆ ಬಂದರೆ ಯಾವುದೋ ಒಂದು ಮೊಟ್ಟೆ ಒಡೆದಿದೆ ಎಂದೇ ಅರ್ಥ. ಒಡೆದ ಮೊಟ್ಟೆಯ ಬಿಳಿಭಾಗ ಗುಲಾಬಿ ಅಥವಾ ಹಸಿರು ಛಾಯೆಗೆ ತಿರುಗಿದ್ದರೆ, ಹಳದಿಯ ಮೇಲೆ ಕಪ್ಪು ಕಲೆಗಳಿದ್ದರೆ, ಕೊಳೆತ ವಾಸನೆ ಮೂಗಿಗೆ ಬಡಿದರೆ ಎಸೆಯಬೇಕು, ಬೇಯಿಸಿ ಸರಿಪಡಿಸುವ ಯೋಚನೆ ಬೇಡ. ಒಂದು ಮೊಟ್ಟೆ ಭರಣಿಯಲ್ಲೇ ಕೊಳೆತು ಒಡೆದಿದ್ದರೆ ಜೊತೆಯಲ್ಲಿದ್ದವನ್ನೂ ನಾನಂತೂ ಉಳಿಸಿಕೊಳ್ಳುವುದಿಲ್ಲ.

ಮಣ್ಣಿನ ಕ್ರಮ

ಭರಣಿಯ ನೀರಿನಂತೆಯೇ ಮಣ್ಣಿನದೂ ಹಳೆಯ ರೂಢಿ. ಫಿಲಿಪ್ಪೀನ್ಸಿನಲ್ಲಿ ಜೇಡಿಮಣ್ಣು ಮತ್ತು ಉಪ್ಪನ್ನು ನೀರಿನಲ್ಲಿ ಕಲಸಿ ಮೊಟ್ಟೆಗೆ ಮೆತ್ತುತ್ತಾರೆ, ಬ್ರೆಬೆಸ್‌ನಲ್ಲಿ ಇಟ್ಟಿಗೆ ಪುಡಿ ಅಥವಾ ಬೂದಿಯನ್ನು ಬಳಸುತ್ತಾರೆ. ಮಣ್ಣು ಶುದ್ಧವಾಗಿರಬೇಕು, ಗೊಬ್ಬರ ಬಿದ್ದ ತೋಟದ ಮಣ್ಣು ಸಲ್ಲದು. ಮಣ್ಣಿನಷ್ಟೇ ತೂಕದ ಉಪ್ಪನ್ನು ಸೇರಿಸಿ, ಮೊಟ್ಟೆಯನ್ನು ಅದ್ದಿದರೆ ಜಾರದೆ ಅಂಟಿಕೊಳ್ಳುವಷ್ಟು ಗಟ್ಟಿಯಾಗಿ ಕಲಸಿ, ಬೆರಳಿನ ಅರ್ಧ ದಪ್ಪಕ್ಕೆ ಸುತ್ತಲೂ ಮೆತ್ತಿ, ಡಬ್ಬದಲ್ಲಿ ಜೋಡಿಸಿ ಮುಚ್ಚಿಡುತ್ತಾರೆ. ಮಣ್ಣು ಒಣಗಿ ಬಿರಿದರೆ ಉಪ್ಪು ಒಳಗಿಳಿಯುವುದು ನಿಂತುಹೋಗುವುದರಿಂದ ಆಗಾಗ ನೋಡಿ ನೀರು ಚಿಮುಕಿಸಬೇಕು. ಎರಡು ವಾರ ಕಳೆದ ಮೇಲೆ ಒಂದನ್ನು ತೊಳೆದು ಮೇಲೆ ಹೇಳಿದಂತೆ ಪರೀಕ್ಷಿಸಬಹುದು. ಈ ಕ್ರಮದಲ್ಲಿ ಮೊಟ್ಟೆ ತೇಲುವ ತೊಂದರೆಯಿಲ್ಲ, ಒಂದು ಕೆಟ್ಟರೆ ಅದರ ನೀರು ಉಳಿದವಕ್ಕೆ ಹರಡುವುದೂ ಕಡಿಮೆ. ಫಿಲಿಪ್ಪೀನ್ಸಿನವರು ಬೇಯಿಸಿದ ಬಳಿಕ ಚಿಪ್ಪಿಗೆ ಕಡುಗೆಂಪು ಬಣ್ಣ ಬಳಿಯುತ್ತಾರೆ, ಅಂಗಡಿಯಲ್ಲಿ ತಾಜಾ ಮೊಟ್ಟೆಯ ಜೊತೆ ಬೆರೆತುಹೋಗಬಾರದೆಂದು.

ಬೇಯಿಸುವುದು ಮತ್ತು ಇಡುವುದು

ಹದಕ್ಕೆ ಬಂದ ಮೊಟ್ಟೆಯನ್ನು ಉಪ್ಪುನೀರಿನಲ್ಲೇ ಬಿಟ್ಟರೆ ಅದು ಇನ್ನಷ್ಟು ಉಪ್ಪಾಗುತ್ತಲೇ ಹೋಗಿ, ಕೊನೆಗೆ ಬಿಳಿಭಾಗವನ್ನು ಬಾಯಿಗಿಡಲಾಗದ ಸ್ಥಿತಿ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ತೆಗೆದು, ತೊಳೆದು, ಒರೆಸಬೇಕು. ಹಸಿಯಾಗಿ ಇಡುವುದಾದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಬಳಸಬೇಕು. ಬೇಯಿಸುವಾಗ ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬಿಡಬೇಕು. ಬೇಯಿಸಿ, ಆರಿಸಿ, ಸಿಪ್ಪೆಯ ಸಮೇತ ಫ್ರಿಜ್ಜಿನಲ್ಲಿಟ್ಟದ್ದನ್ನು ಒಂದು ವಾರದೊಳಗೆ ಮುಗಿಸುವುದು ಕ್ಷೇಮ. ಬಾತುಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿದೆ, ಮೊಟ್ಟೆಯೊಳಗೆ ಸೇರುವಷ್ಟು ಉಪ್ಪು ಅದನ್ನು ಕೊಲ್ಲುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ಅರೆಬೆಂದದ್ದನ್ನು ತಿನ್ನಬಾರದು. ಬಳಸಿದ ಉಪ್ಪುನೀರನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳದೆ ಚೆಲ್ಲಿಬಿಡುವುದೇ ಸರಿ, ಉಪ್ಪು ಅಷ್ಟೇನೂ ದುಬಾರಿಯಲ್ಲ.

ಚೀನಾದಲ್ಲಿ ಬೆಂದ ಮೊಟ್ಟೆಯನ್ನು ಸಿಪ್ಪೆಸಹಿತ ಉದ್ದಕ್ಕೆ ಎರಡು ಹೋಳು ಮಾಡಿ, ಚಮಚದಿಂದ ಚೂರುಚೂರಾಗಿ ತೋಡಿ ಅಕ್ಕಿ ಗಂಜಿಯೊಡನೆ ತಿನ್ನುತ್ತಾರೆ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಬೆಳೆದವರಿಗೆ ಅದರ ಅಳತೆಯನ್ನು ಬಿಡಿಸಿ ಹೇಳಬೇಕಿಲ್ಲ, ಒಂದು ಬಟ್ಟಲು ಗಂಜಿಗೆ ಅರ್ಧ ಮೊಟ್ಟೆ ಧಾರಾಳ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ರಕ್ತದೊತ್ತಡವಿರುವವರು ಬಿಳಿಭಾಗವನ್ನು ಬಿಟ್ಟು ಹಳದಿಯನ್ನಷ್ಟೇ ತಿನ್ನುವುದು ಲೇಸು.

ಅಂಗಡಿಯಲ್ಲಿ ಕೊಳ್ಳುವಾಗ ಹಳದಿ ಕೆಂಪಾಗಿದ್ದಷ್ಟೂ ಒಳ್ಳೆಯದೆಂದು ಭಾವಿಸುವುದು ತಪ್ಪು. 2006ರ ನವೆಂಬರ್‌ನಲ್ಲಿ ಚೀನಾದ ಹೆಬೈ ಪ್ರಾಂತ್ಯದ ಕೆಲವು ಕಡೆ ಬಾತುಗಳ ಮೇವಿಗೆ ಸುಡಾನ್ ರೆಡ್ ಎಂಬ ಕೈಗಾರಿಕಾ ಬಣ್ಣವನ್ನು ಬೆರೆಸಿ ಕೆಂಪು ಹಳದಿಯ ಮೊಟ್ಟೆ ಮಾರಿದ್ದು ಬಯಲಾಗಿ ದೊಡ್ಡ ಗದ್ದಲವಾಗಿತ್ತು. ಸರಿಯಾದ ಬಣ್ಣ ಕೇಸರಿಯಿಂದ ಕಿತ್ತಳೆಯವರೆಗೆ ಇರುತ್ತದೆ, ರಕ್ತದಂತೆ ಕೆಂಪಾಗಿದ್ದರೆ ಅನುಮಾನಿಸಬೇಕು.

ಸೆಂಚುರಿ ಎಗ್

ಹೆಸರಿನಲ್ಲಿ ಶತಮಾನವಿದ್ದರೂ ಇದು ತಯಾರಾಗಲು ಹಿಡಿಯುವುದು ಕೆಲವು ವಾರಗಳಿಂದ ಕೆಲವು ತಿಂಗಳು. ಕುದುರೆಯ ಮೂತ್ರದಲ್ಲಿ ನೆನೆಸುತ್ತಾರೆಂಬುದು ಕಟ್ಟುಕಥೆ, ಮೂಗಿಗೆ ಬಡಿಯುವ ಅಮೋನಿಯಾ ಬರುವುದು ಮೊಟ್ಟೆಯ ಪ್ರೋಟೀನಿನಿಂದಲೇ. ಹಳ್ಳಿಯ ಹಳೆಯ ಕ್ರಮದಲ್ಲಿ ಕಡು ಚಹಾ ಕಷಾಯಕ್ಕೆ ಸುಟ್ಟ ಸುಣ್ಣ, ಕಟ್ಟಿಗೆಯ ಬೂದಿ, ಉಪ್ಪು ಮತ್ತು ಮಣ್ಣನ್ನು ಸೇರಿಸಿ ಕಲಸುತ್ತಾರೆ. ಸುಣ್ಣವೂ ಬೂದಿಯೂ ನೀರಿನಲ್ಲಿ ಕೂಡಿದಾಗ ಪ್ರಬಲವಾದ ಕ್ಷಾರ ಹುಟ್ಟುತ್ತದೆ, ಆದ್ದರಿಂದ ಈ ಕೆಲಸವನ್ನು ಬರಿಗೈಯಲ್ಲಿ ಮಾಡುವಂತಿಲ್ಲ. ಮೊಟ್ಟೆಗೆ ಇದನ್ನು ಮೆತ್ತಿ, ಒಂದಕ್ಕೊಂದು ಅಂಟದಂತೆ ಭತ್ತದ ಹೊಟ್ಟಿನಲ್ಲಿ ಹೊರಳಿಸಿ ಹಂಡೆಗಳಲ್ಲಿ ತುಂಬುತ್ತಾರೆ. ಇಂದಿನ ಕಾರ್ಖಾನೆಗಳಲ್ಲಿ ಅದರ ಬದಲು ಶೇ. 4–5ರಷ್ಟು ಕಾಸ್ಟಿಕ್ ಸೋಡ, ಉಪ್ಪು ಮತ್ತು ಚಹಾ ಬೆರೆತ ದ್ರಾವಣದಲ್ಲಿ ಮೊಟ್ಟೆಗಳನ್ನು ಮುಳುಗಿಸಿಟ್ಟು, ಹದ ಬಂದ ಮೇಲೆ ತೊಳೆದು ಚಿಪ್ಪಿಗೆ ಲೇಪ ಹಚ್ಚುತ್ತಾರೆ.

ಕ್ಷಾರ ಒಳಗಿಳಿದ ಮೊದಲ ದಿನಗಳಲ್ಲಿ ಬಿಳಿಭಾಗ ನೀರಾಗುತ್ತದೆ. ಮುಂದೆ ಅದೇ ಪ್ರೋಟೀನು ಮರಳಿ ಹೆಣೆದುಕೊಂಡು ಪಾರದರ್ಶಕವಾದ ಗಟ್ಟಿ ಲೋಳೆಯಾಗಿ, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರೋಟೀನಿನಿಂದ ಬಿಡುಗಡೆಯಾದ ಗಂಧಕ ಹಳದಿಯಲ್ಲಿರುವ ಕಬ್ಬಿಣದೊಡನೆ ಸೇರುವುದರಿಂದ ಕಪ್ಪು ಹಸಿರು ಬಣ್ಣ ಬರುತ್ತದೆ. ಬಿಳಿಭಾಗದ ಮೇಲೆ ಕೆಲವೊಮ್ಮೆ ಮೂಡುವ ಪೈನ್ ಎಲೆಗಳಂಥ ಬಿಳಿ ಚಿತ್ತಾರ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಹರಳುಗಳು. ಬಲ್ಲವರು ಅದನ್ನು ಉತ್ತಮ ಮೊಟ್ಟೆಯ ಗುರುತೆಂದು ಎಣಿಸುತ್ತಾರೆ.

ಇಲ್ಲಿಯವರೆಗೆ ಸುಲಭ. ತೊಡಕಿರುವುದು ಕ್ಷಾರವನ್ನು ಸರಿಯಾದ ಹೊತ್ತಿಗೆ ತಡೆಯುವುದರಲ್ಲಿ. ಅದು ಮಿತಿ ಮೀರಿ ಒಳಗಿಳಿದರೆ ಗಟ್ಟಿಯಾಗಿದ್ದ ಲೋಳೆ ಮತ್ತೆ ಕರಗಿ ನೀರಾಗುತ್ತದೆ. ಇದನ್ನು ತಪ್ಪಿಸಲು ತಯಾರಕರು ಹಿಂದೆ ದ್ರಾವಣಕ್ಕೆ ಸೀಸದ ಆಕ್ಸೈಡನ್ನು ಸ್ವಲ್ಪ ಸೇರಿಸುತ್ತಿದ್ದರು. ಮೊಟ್ಟೆಯಿಂದ ಬರುವ ಗಂಧಕದೊಡನೆ ಅದು ಕೂಡಿ, ಕರಗದ ಕಪ್ಪು ಪುಡಿಯಾಗಿ ಚಿಪ್ಪಿನ ರಂಧ್ರಗಳನ್ನು ಮುಚ್ಚುತ್ತಿತ್ತು. ಉಪಾಯ ಚೆನ್ನಾಗಿತ್ತು, ಆದರೆ ಸೀಸ ಮೊಟ್ಟೆಯೊಳಗೂ ಸೇರುತ್ತಿತ್ತು. ಈಗ ಅದರ ಬದಲು ತಾಮ್ರ ಮತ್ತು ಸತುವಿನ ಸಂಯುಕ್ತಗಳನ್ನು ಬಳಸುತ್ತಾರೆ. ಅಲ್ಲಿಯೂ ಮೋಸಕ್ಕೆ ಎಡೆಯಿದೆ: 2013ರಲ್ಲಿ ಜಿಯಾಂಗ್‌ಷಿ ಪ್ರಾಂತ್ಯದ ನಾನ್‌ಚಾಂಗ್‌ನಲ್ಲಿ ಆಹಾರಕ್ಕೆ ಯೋಗ್ಯವಲ್ಲದ ಕೈಗಾರಿಕಾ ತಾಮ್ರದ ಸಲ್ಫೇಟನ್ನು ಬಳಸಿದ್ದು ಬೆಳಕಿಗೆ ಬಂದು ತಯಾರಕರ ಮೇಲೆ ಕ್ರಮ ಜರುಗಿತು. ಚರ್ಮವನ್ನು ಸುಡುವ ಕಾಸ್ಟಿಕ್ ಸೋಡ, ಅದರ ಮೇಲೆ ಲೋಹದ ಲವಣಗಳು, ಇವೆರಡನ್ನೂ ಅಡುಗೆಮನೆಯಲ್ಲಿ ಅಳೆದು ನಿಭಾಯಿಸುವುದು ಬೇಡವೆಂದು ನಾನು ಹೇಳುವುದು ಈ ಕಾರಣಕ್ಕೆ. ಪಾಯಿಖಾನೆಯ ಪೈಪು ತೊಳೆಯುವ ಕಾಸ್ಟಿಕ್ ಪುಡಿಯಿಂದ ಇದನ್ನು ಮಾಡಲು ಹೊರಡುವುದಂತೂ ಅಪಾಯಕಾರಿ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ತಯಾರಕರ ವಿವರ, ದಿನಾಂಕ, ಮತ್ತು ಸೀಸ ಬಳಸಿಲ್ಲವೆಂಬ ನಮೂದು ಇದೆಯೇ ನೋಡಿ. ಚಿಪ್ಪಿನ ಮೇಲೆ ಕೆಲವು ಕಪ್ಪು ಚುಕ್ಕಿಗಳು ಸಹಜ, ಕಪ್ಪು ಮಚ್ಚೆಗಳು ದಟ್ಟವಾಗಿ ಹರಡಿದ್ದರೆ ಲೋಹದ ಅಂಶ ಹೆಚ್ಚಿರಬಹುದೆಂದು ತಿಳಿದು ಬಿಟ್ಟುಬಿಡಬೇಕು. ಮೊಟ್ಟೆಯನ್ನು ಅಂಗೈಯಿಂದ ಒಂದಿಷ್ಟು ಮೇಲೆ ಚಿಮ್ಮಿ ಹಿಡಿದಾಗ ಒಳಗಿನ ಲೋಳೆ ಕಂಪಿಸಿದ ಅನುಭವ ಕೈಗೆ ಆಗಬೇಕು. ಅಲುಗಿಸಿದಾಗ ನೀರು ಕುಲುಕಿದ ಸದ್ದು ಬಂದರೆ ಅದು ಕೆಟ್ಟಿದೆ. ಸುಲಿದಾಗ ಬಿಳಿಭಾಗ ಚಿಪ್ಪಿಗೆ ಅಂಟದೆ ಇಡಿಯಾಗಿ ಬರಬೇಕು, ಬೆರಳಿನಿಂದ ಒತ್ತಿದರೆ ಪುಟಿಯಬೇಕು. ಹಳದಿಯ ನಡುಭಾಗ ಮೆತ್ತಗೆ ಮುದ್ದೆಯಾಗಿರುವುದು ದೋಷವಲ್ಲ, ಹಲವರು ಅದನ್ನೇ ಇಷ್ಟಪಡುತ್ತಾರೆ. ಸುಲಿದು ಹೋಳು ಮಾಡಿ ಕಾಲು ಗಂಟೆ ಗಾಳಿಗಿಟ್ಟರೆ ಅಮೋನಿಯಾದ ಘಾಟು ಬಹುಮಟ್ಟಿಗೆ ಇಳಿಯುತ್ತದೆ. ಶುಂಠಿ ಚೂರು ಹಾಕಿದ ವಿನೆಗರ್‌ನೊಡನೆ ಬಡಿಸುವ ರೂಢಿಗೂ ಅರ್ಥವಿದೆ, ಹುಳಿಯು ಉಳಿದ ಕ್ಷಾರವನ್ನು ತಗ್ಗಿಸುತ್ತದೆ. ಸೀಸದ ಹಿನ್ನೆಲೆಯನ್ನು ನೆನೆದು ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಇದನ್ನು ಕೊಡದಿರುವುದು ಒಳ್ಳೆಯದು.

ಸುಲಿಯದ ಮೊಟ್ಟೆಯನ್ನು ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಪೆಟ್ಟಿಗೆಯ ಮೇಲಿನ ಅವಧಿಯವರೆಗೆ ಇಡಬಹುದು. ಫ್ರೀಜರಿನಲ್ಲಿ ಮಾತ್ರ ಇಡಬಾರದು, ಹೆಪ್ಪುಗಟ್ಟಿ ಕರಗಿದ ಲೋಳೆ ನೀರು ಬಿಟ್ಟು ಸ್ಪಂಜಿನಂತಾಗುತ್ತದೆ. ಸುಲಿದದ್ದನ್ನು ಅದೇ ದಿನ ತಿಂದು ಮುಗಿಸಬೇಕು.

ವಿನೆಗರ್ ಮೊಟ್ಟೆಯ ಬಗ್ಗೆ ಒಂದು ಎಚ್ಚರಿಕೆ

ಉಪ್ಪು, ಕ್ಷಾರಗಳ ಜೊತೆಗೆ ಹುಳಿಯೂ ಮೊಟ್ಟೆಯನ್ನು ಕಾಯುತ್ತದೆ. ಬೇಯಿಸಿ ಸುಲಿದ ಮೊಟ್ಟೆಯನ್ನು ವಿನೆಗರ್‌ನಲ್ಲಿಡುವ ಪಾಶ್ಚಾತ್ಯ ಕ್ರಮ ನೋಡಲು ಎಲ್ಲಕ್ಕಿಂತ ಸರಳವಾಗಿ ಕಾಣುವುದರಿಂದಲೇ ಅಲ್ಲಿ ಅಜಾಗರೂಕತೆ ಹೆಚ್ಚು. 1997ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಒಬ್ಬರು ಮನೆಯಲ್ಲೇ ಮಾಡಿದ ಇಂಥ ಮೊಟ್ಟೆಯನ್ನು ತಿಂದು, ಬ್ಯಾಕ್ಟೀರಿಯಾದ ವಿಷದಿಂದ ಬರುವ ಬೊಟುಲಿಸಂ ಎಂಬ ಮಾರಕ ಕಾಯಿಲೆಗೆ ತುತ್ತಾದರು. ವಿನೆಗರ್ ಬೇಗ ಹಿಡಿಯಲೆಂದು ಬೆಂದ ಮೊಟ್ಟೆಗಳನ್ನು ಕಡ್ಡಿಯಿಂದ ಚುಚ್ಚಿ, ಭರಣಿಯನ್ನು ಕೋಣೆಯ ಉಷ್ಣತೆಯಲ್ಲಿ ಇಡಲಾಗಿತ್ತು. ಚುಚ್ಚಿದ ತೂತಿನ ಮೂಲಕ ಬ್ಯಾಕ್ಟೀರಿಯಾ ಹಳದಿಯ ನಡುವನ್ನು ಸೇರಿತು, ಅಲ್ಲಿಗೆ ಗಾಳಿಯೂ ಇಲ್ಲ, ಹುಳಿ ಬೇಗ ತಲುಪುವುದೂ ಇಲ್ಲ. ಆದ್ದರಿಂದ ಮೊಟ್ಟೆಯನ್ನು ಚುಚ್ಚದೆ ಇಡಿಯಾಗಿ ಹಾಕಿ, ನೀರು ಬೆರೆಸದ ಶೇ. 5ರ ವಿನೆಗರ್‌ನಲ್ಲಿ ಪೂರ್ತಿ ಮುಳುಗಿಸಿ, ಮೊದಲ ದಿನದಿಂದಲೇ ಫ್ರಿಜ್ಜಿನಲ್ಲಿಡಬೇಕು. ಬಡಿಸಲು ಹೊರತೆಗೆದ ಭರಣಿಯನ್ನು ಮೇಜಿನ ಮೇಲೆ ಮರೆಯದೆ ಕೂಡಲೇ ಒಳಗಿಡಬೇಕು.